ತರಗತಿ ಶಿಕ್ಷಕರಿಗೆ ಒಂದು ಪತ್ರ: ಮಲಬದ್ಧತೆಯ ಚಿಕಿತ್ಸೆ ಮತ್ತು ಶಾಲೆಯ ಹತ್ತು ನಿಮಿಷ

ಶಿಕ್ಷಕರಿಗೆ ರಜೆ ಕೋರಿ ಪತ್ರ ಬರೆಯುವುದನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಕಲಿತಿರುತ್ತೇವೆ. ಜ್ವರ ಬಂದರೆ, ಮನೆಯಲ್ಲಿ ಮದುವೆ ಇದ್ದರೆ, ಊರಿನಲ್ಲಿ ಜಾತ್ರೆ ಇದ್ದರೆ ನಾಲ್ಕು ಸಾಲು ಬರೆದು ಕೊಡುವುದು ಯಾರಿಗೂ ಕಷ್ಟವಲ್ಲ. ಆದರೆ ಕೆಲವು ಕಾರಣಗಳನ್ನು ಕಾಗದದ ಮೇಲೆ ಇಳಿಸಲು ಸಂಕೋಚವಾಗುತ್ತದೆ. ಮಗುವಿಗೆ ಮಲಬದ್ಧತೆ ಇದೆ, ಚಿಕಿತ್ಸೆ ನಡೆಯುತ್ತಿದೆ, ಶಾಲೆಯ ವೇಳೆಯಲ್ಲಿ ಅದನ್ನು ಶೌಚಾಲಯಕ್ಕೆ ಬಿಡಬೇಕು ಎಂದು ಕೇಳುವ ಪತ್ರ ಅಂಥದ್ದು. ಬರೆಯಲು ನಾಚಿಕೆಯಾಗಿ ಎಷ್ಟೋ ಮನೆಗಳಲ್ಲಿ ಅದನ್ನು ಬರೆಯುವುದೇ ಇಲ್ಲ. ಬರೆದರೂ “ಮಗುವಿಗೆ ಹುಷಾರಿಲ್ಲ, ಕೇಳಿದಾಗ ಹೊರಗೆ ಬಿಡಿ” ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಈ ಒಂದು ಸಾಲಿನಿಂದ ಶಿಕ್ಷಕರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಮಗುವಿಗೂ ಪ್ರಯೋಜನವಾಗುವುದಿಲ್ಲ.

ಪತ್ರ ಬರೆಯುವ ಕೆಲಸ ಅನೇಕ ಮನೆಗಳಲ್ಲಿ ಹೈಸ್ಕೂಲಿನಲ್ಲಿಯೋ ಕಾಲೇಜಿನಲ್ಲಿಯೋ ಓದುತ್ತಿರುವ ಅಕ್ಕ ಅಥವಾ ಅಣ್ಣನ ಪಾಲಿಗೆ ಬರುತ್ತದೆ. ತಾಯಿ ಹೇಳುತ್ತಾರೆ, ಅಕ್ಕ ಬರೆಯುತ್ತಾಳೆ, ತಾಯಿ ಸಹಿ ಹಾಕುತ್ತಾರೆ. ಆದ್ದರಿಂದ ಈ ಪತ್ರದಲ್ಲಿ ಏನಿರಬೇಕು, ಅದರ ಒಂದೊಂದು ಕೋರಿಕೆಯ ಹಿಂದೆ ಶರೀರದ ಯಾವ ವ್ಯಾಪಾರವಿದೆ ಎಂಬುದನ್ನು ಇಲ್ಲಿ ನೋಡೋಣ.

ತಡೆದರೆ ಏನಾಗುತ್ತದೆ?

ನಾವು ತಿಂದ ಆಹಾರ ಜೀರ್ಣವಾಗಿ ಉಳಿದ ಭಾಗ ದೊಡ್ಡ ಕರುಳಿಗೆ ಬರುತ್ತದೆ. ದೊಡ್ಡ ಕರುಳಿನ ಮುಖ್ಯ ಕೆಲಸಗಳಲ್ಲಿ ಒಂದು, ಆ ಉಳಿಕೆಯಿಂದ ನೀರನ್ನು ಹೀರಿಕೊಳ್ಳುವುದು. ಹೀಗೆ ಗಟ್ಟಿಯಾದ ಮಲ ಕರುಳಿನ ಕೊನೆಯ ಭಾಗವಾದ ಮಲಾಶಯವನ್ನು ತಲುಪಿದಾಗ ಅದರ ಗೋಡೆ ಹಿಗ್ಗುತ್ತದೆ. ಆ ಹಿಗ್ಗುವಿಕೆಯ ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗುತ್ತದೆ. ‘ಹೋಗಬೇಕು’ ಎಂದು ನಮಗೆ ಅನ್ನಿಸುವುದು ಆಗಲೇ.

ಆ ಕ್ಷಣದಲ್ಲಿ ಗುದದ್ವಾರದ ಹೊರಸ್ನಾಯುವನ್ನು ಬಿಗಿಹಿಡಿದರೆ ಕೆಲವು ನಿಮಿಷಗಳಲ್ಲಿ ಒತ್ತಡ ಕಡಿಮೆಯಾಗಿ ಆ ಅನ್ನಿಸಿಕೆ ಮಾಯವಾಗುತ್ತದೆ. ದೊಡ್ಡವರಿಗೆ ಇದು ಅನುಕೂಲದ ಏರ್ಪಾಡು. ಆದರೆ ಮಲ ಮಾತ್ರ ಅಲ್ಲಿಯೇ ಉಳಿದಿರುತ್ತದೆ. ಉಳಿದಷ್ಟು ಹೊತ್ತು ಅದರಿಂದ ನೀರು ಹೀರಲ್ಪಡುತ್ತಲೇ ಇರುತ್ತದೆ. ಮರುದಿನ ಅದು ಇನ್ನಷ್ಟು ದಪ್ಪ, ಇನ್ನಷ್ಟು ಗಟ್ಟಿ. ಹೊರಗೆ ಬರುವಾಗ ನೋವಾಗುತ್ತದೆ, ಕೆಲವೊಮ್ಮೆ ಚರ್ಮ ಬಿರಿದು ರಕ್ತವೂ ಕಾಣಿಸಿಕೊಳ್ಳುತ್ತದೆ. ಒಮ್ಮೆ ನೋವು ಉಂಡ ಮಗು ಮುಂದಿನ ಸಲ ಇನ್ನೂ ಜೋರಾಗಿ ತಡೆಯುತ್ತದೆ. ತಡೆದದ್ದರಿಂದ ಗಟ್ಟಿ, ಗಟ್ಟಿಯಾದದ್ದರಿಂದ ನೋವು, ನೋವಿನಿಂದ ಮತ್ತೆ ತಡೆ: ಈ ಸುತ್ತು ಹೀಗೆಯೇ ತಿರುಗುತ್ತಿರುತ್ತದೆ. ಮಕ್ಕಳ ಮಲಬದ್ಧತೆಯಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕರುಳಿನಲ್ಲಿ ಬೇರೆ ಯಾವ ರೋಗವೂ ಇರುವುದಿಲ್ಲ. ಬಹುಮಟ್ಟಿಗೆ ಇರುವುದು ಈ ಸುತ್ತು ಮಾತ್ರ.

ತಿಂಗಳುಗಟ್ಟಲೆ ಹೀಗೆ ನಡೆದರೆ ಮಲಾಶಯ ಹಿಗ್ಗಿ ಸಡಿಲವಾಗುತ್ತದೆ. ಆಗ ಸ್ವಲ್ಪ ಮಲ ಬಂದು ತುಂಬಿದರೆ ಮಗುವಿಗೆ ತಿಳಿಯುವುದೇ ಇಲ್ಲ. ಒಳಗೆ ಗಟ್ಟಿ ಉಂಡೆ ಕುಳಿತಿರುತ್ತದೆ, ಅದರ ಪಕ್ಕದಿಂದ ತೆಳುವಾದ ಮಲ ಜಾರಿ ಚಡ್ಡಿಗೆ ಬರುತ್ತದೆ. ನೋಡುವವರು ಇದನ್ನು ಭೇದಿ ಎಂದು ತಿಳಿಯುತ್ತಾರೆ, ಇಲ್ಲವೇ “ಇಷ್ಟು ದೊಡ್ಡವನಾದರೂ ಬುದ್ಧಿ ಇಲ್ಲ” ಎಂದು ಬೈಯುತ್ತಾರೆ. ವಾಸ್ತವವಾಗಿ ಆ ಮಗುವಿಗೆ ಅದು ಗೊತ್ತಾಗಿಯೇ ಇರುವುದಿಲ್ಲ.

ಚಿಕಿತ್ಸೆಯ ಎರಡು ಹಂತ

ಚಿಕಿತ್ಸೆಯ ಮೊದಲ ಹಂತ, ಒಳಗೆ ಕಟ್ಟಿಕೊಂಡಿರುವ ಗಟ್ಟಿ ಮಲವನ್ನು ಹೊರಹಾಕುವುದು. ಇದಕ್ಕೆ ಸಾಮಾನ್ಯವಾಗಿ ನೀರಿನಲ್ಲಿ ಕರಗಿಸಿ ಕುಡಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಮಗುವಿನ ತೂಕಕ್ಕೆ ತಕ್ಕಂತೆ ಹೆಚ್ಚಿನ ಪ್ರಮಾಣದಲ್ಲಿ ಕೆಲವು ದಿನ ಕೊಡುತ್ತಾರೆ. ಈ ದಿನಗಳಲ್ಲಿ ಮಗು ಮೇಲಿಂದ ಮೇಲೆ ಓಡಬೇಕಾಗುತ್ತದೆ. ಆದ್ದರಿಂದ ಇದನ್ನು ರಜಾ ದಿನಗಳಲ್ಲಿ ಮನೆಯಲ್ಲಿಯೇ ಮುಗಿಸುವುದು ಒಳ್ಳೆಯದು.

ಎರಡನೆಯ ಹಂತ, ಮತ್ತೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು. ಅದೇ ಪುಡಿಯನ್ನು ಕಡಿಮೆ ಪ್ರಮಾಣದಲ್ಲಿ, ಅಥವಾ ಲ್ಯಾಕ್ಟುಲೋಸ್ ಎಂಬ ಸಿಹಿ ದ್ರವವನ್ನು, ವೈದ್ಯರು ಮುಂದುವರಿಸುತ್ತಾರೆ. ಇವೆರಡೂ ಮಲದಲ್ಲಿ ನೀರನ್ನು ಹಿಡಿದಿಟ್ಟು ಮೆದುವಾಗಿಸುತ್ತವೆ. ಈ ಔಷಧವನ್ನು ಕನಿಷ್ಠ 2 ತಿಂಗಳು ಕೊಡಬೇಕು, ತೊಂದರೆಯ ಲಕ್ಷಣಗಳೆಲ್ಲ ಹೋಗಿ ಕನಿಷ್ಠ ಒಂದು ತಿಂಗಳು ಕಳೆದ ಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು ಎಂದು ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ-ಕರುಳು ತಜ್ಞರ ಸಂಘಗಳು 2014ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ಹಿಗ್ಗಿದ ಮಲಾಶಯ ಮೊದಲಿನಂತಾಗಲು ಅಷ್ಟು ಕಾಲ ಬೇಕು. ಅನೇಕ ಮಕ್ಕಳಿಗೆ ಇನ್ನೂ ಹೆಚ್ಚು ತಿಂಗಳುಗಳು ಹಿಡಿಯುತ್ತವೆ.

ಔಷಧ ಮಲವನ್ನು ಮೆದು ಮಾಡಬಲ್ಲದೇ ಹೊರತು ಮಗುವನ್ನು ಶೌಚಾಲಯಕ್ಕೆ ಕರೆದೊಯ್ಯಲಾರದು. ತಡೆಯುವ ಅಭ್ಯಾಸ ಬಿಡದಿದ್ದರೆ ಔಷಧ ನಿಲ್ಲಿಸಿದ ಕೂಡಲೇ ಹಳೆಯ ಸುತ್ತು ಮತ್ತೆ ಆರಂಭವಾಗುತ್ತದೆ. ಮಗು ಎಚ್ಚರವಾಗಿರುವ ಹೊತ್ತಿನಲ್ಲಿ ಆರೇಳು ತಾಸು ಶಾಲೆಯಲ್ಲಿ ಕಳೆಯುತ್ತದೆ. ಹೀಗಾಗಿ ಚಿಕಿತ್ಸೆಯ ಒಂದು ಭಾಗ ತರಗತಿ ಶಿಕ್ಷಕರ ಕೈಯಲ್ಲಿರುತ್ತದೆ.

ಒಂದು ಉದಾಹರಣೆ

ಎಂಟು ವರ್ಷದ ಒಬ್ಬ ಹುಡುಗ ಸರ್ಕಾರಿ ಶಾಲೆಯಲ್ಲಿ 3ನೇ ತರಗತಿ ಓದುತ್ತಿದ್ದಾನೆ ಎಂದು ಇಟ್ಟುಕೊಳ್ಳೋಣ. ಮೂರು ನಾಲ್ಕು ದಿನಕ್ಕೊಮ್ಮೆ ಮಾತ್ರ ಅವನಿಗೆ ಮಲವಿಸರ್ಜನೆಯಾಗುತ್ತಿತ್ತು. ಶಾಲೆಯಲ್ಲಿ ‘ಒಂದಕ್ಕೆ’ ಎಂದು ಒಂದು ಬೆರಳು ತೋರಿಸಲು ಅವನಿಗೆ ಅಂಜಿಕೆಯಿರಲಿಲ್ಲ. ‘ಎರಡಕ್ಕೆ’ ಎಂದು ಎರಡು ಬೆರಳು ತೋರಿಸಿದರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಮೊದಲ ಹಂತದ ಚಿಕಿತ್ಸೆ ಮನೆಯಲ್ಲಿ ಮುಗಿದಿದೆ. ವೈದ್ಯರು ದಿನವೂ ಔಷಧ ಕೊಡಲು ಹೇಳಿ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಮತ್ತು ರಾತ್ರಿಯ ಊಟ ಆದ ಮೇಲೆ ಶೌಚಾಲಯದಲ್ಲಿ 5ರಿಂದ 10 ನಿಮಿಷ ಕುಳಿತುಕೊಳ್ಳಲು ತಿಳಿಸಿದ್ದಾರೆ. ಒಂದು ತಿಂಗಳ ನಂತರ ಮತ್ತೆ ಬರಬೇಕೆಂದಿದ್ದಾರೆ.

ಶಾಲೆ ಬೆಳಿಗ್ಗೆ 10ಕ್ಕೆ ಆರಂಭವಾಗುತ್ತದೆ. ಬಿಸಿಯೂಟಕ್ಕೆ 1-10ಕ್ಕೆ ಗಂಟೆ ಹೊಡೆಯುತ್ತದೆ, ಹುಡುಗ 1-35ರ ಸುಮಾರಿಗೆ ಉಂಡು ಕೈತೊಳೆಯುತ್ತಾನೆ. ಮಧ್ಯಾಹ್ನದ ಪಾಠ 2 ಗಂಟೆಗೆ. ಬೆಳಗಿನ ಮತ್ತು ರಾತ್ರಿಯ ಸರದಿಯನ್ನು ಮನೆಯವರು ನೋಡಿಕೊಳ್ಳಬಲ್ಲರು. ಉಳಿದದ್ದು ಮಧ್ಯಾಹ್ನದ ಸರದಿ. ಊಟದ ಬಿಡುವಿನಲ್ಲಿ ಶೌಚಾಲಯದ ಮುಂದೆ ಹುಡುಗರ ಗುಂಪಿರುತ್ತದೆ, ಯಾರೋ ಬಾಗಿಲು ಬಡಿಯುತ್ತಿರುತ್ತಾರೆ. ಅಲ್ಲಿ ಹತ್ತು ನಿಮಿಷ ನೆಮ್ಮದಿಯಾಗಿ ಕೂರುವುದು ಸಾಧ್ಯವಿಲ್ಲ. ಎಲ್ಲರೂ ತರಗತಿಗೆ ಹೋದ ಮೇಲೆ, ಅಂದರೆ 2 ಗಂಟೆಗೆ, ಅದು ಖಾಲಿಯಾಗುತ್ತದೆ. ಈ ವಿವರಗಳನ್ನು ಲೆಕ್ಕ ಹಾಕಿ ಅಕ್ಕ ಬರೆದು ತಾಯಿ ಸಹಿ ಮಾಡಿದ ಪತ್ರ ಹೀಗಿರಬಹುದು.

ಪತ್ರದ ಮಾದರಿ

ದಿನಾಂಕ: ............

ಇವರಿಗೆ,
ತರಗತಿ ಶಿಕ್ಷಕಿಯವರು, 3ನೇ ತರಗತಿ,
............ ಶಾಲೆ.

ಮಾನ್ಯರೇ,

ವಿಷಯ: ವೈದ್ಯರ ಸಲಹೆಯಂತೆ ಮಗನನ್ನು ಶಾಲಾ ವೇಳೆಯಲ್ಲಿ ಶೌಚಾಲಯಕ್ಕೆ ಕಳುಹಿಸಲು ಅನುಮತಿ ಕೋರಿ.

ತಮ್ಮ ತರಗತಿಯಲ್ಲಿ ಓದುತ್ತಿರುವ ನನ್ನ ಮಗ ............ ಮಲಬದ್ಧತೆಗಾಗಿ ಮಕ್ಕಳ ವೈದ್ಯರಿಂದ ಚಿಕಿತ್ಸೆ ಪಡೆಯುತ್ತಿದ್ದಾನೆ. ವೈದ್ಯರ ಚೀಟಿಯ ನಕಲನ್ನು ಜೊತೆಗಿಟ್ಟಿದ್ದೇನೆ. ಇದು ಅಂಟುವ ಕಾಯಿಲೆಯಲ್ಲ. ಬಂದ ಒತ್ತಡವನ್ನು ತಡೆದುಕೊಂಡರೆ ಕಾಯಿಲೆ ಮರುಕಳಿಸುತ್ತದೆ ಎಂದು ವೈದ್ಯರು ತಿಳಿಸಿದ್ದಾರೆ. ಆದ್ದರಿಂದ ತಮ್ಮಲ್ಲಿ ಈ ಕೆಳಗಿನ ನಾಲ್ಕು ಸಹಾಯಗಳನ್ನು ಕೋರುತ್ತೇನೆ.

1. ಪ್ರತಿದಿನ ಮಧ್ಯಾಹ್ನ 2 ಗಂಟೆಗೆ ಅವನನ್ನು 10 ನಿಮಿಷ ಶೌಚಾಲಯಕ್ಕೆ ಕಳುಹಿಸಬೇಕು. ಒತ್ತಡ ಇಲ್ಲದಿದ್ದರೂ ಅವನು ಹೋಗಿ ಕುಳಿತು ಬರಬೇಕಾಗಿದೆ. ಆ ವೇಳೆ ತಮಗೆ ಅನಾನುಕೂಲವಾದರೆ 1-50 ಆಗಬಹುದು. ಶನಿವಾರ ಬೆಳಗಿನ ಶಾಲೆ ಇರುವುದರಿಂದ ಅಂದು ಮನೆಯಲ್ಲಿಯೇ ನೋಡಿಕೊಳ್ಳುತ್ತೇವೆ.

2. ಬೇರೆ ವೇಳೆಯಲ್ಲಿ ಒತ್ತಡ ಬಂದರೆ ಅವನು ಒಂದು ಹಸಿರು ಚೀಟಿಯನ್ನು ಮೇಜಿನ ಮೇಲಿಟ್ಟು ಹೋಗಲು ಅನುಮತಿ ಕೊಡಬೇಕು. ಪಾಠ ಮುಗಿಯುವವರೆಗೆ ಕಾಯಲು ಹೇಳಬಾರದೆಂದು ವಿನಂತಿ. ಮೂತ್ರಕ್ಕೂ ಇದೇ ಏರ್ಪಾಡು ಇರಲಿ.

3. ಶೌಚಾಲಯಕ್ಕೆ ಬೀಗವಿದ್ದರೆ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನು ಅವನಿಗೆ ತೋರಿಸಿಕೊಡಬೇಕು.

4. ಅವನ ಚೀಲದಲ್ಲಿ ಒಂದು ಚಡ್ಡಿ, ಟವೆಲ್ ಮತ್ತು ಪ್ಲಾಸ್ಟಿಕ್ ಕವರ್ ಇಟ್ಟಿರುತ್ತೇನೆ. ಬಟ್ಟೆ ಕೊಳೆಯಾದರೆ ಅದು ಅವನಿಗೆ ತಿಳಿಯದೆ ಆಗಿರುತ್ತದೆ. ಬಟ್ಟೆ ಬದಲಿಸಿಕೊಳ್ಳಲು ಅವಕಾಶ ಕೊಟ್ಟರೆ ಸಾಕು. ಅವಶ್ಯವಿದ್ದರೆ ಈ ದೂರವಾಣಿಗೆ ತಿಳಿಸಿದರೆ ನಾನು ಬರುತ್ತೇನೆ: ............

ಈ ವಿಷಯವನ್ನು ಉಳಿದ ಮಕ್ಕಳ ಮುಂದೆ ಹೇಳದಿರಲು, ತಾವು ರಜೆಯಲ್ಲಿರುವಾಗ ತರಗತಿಗೆ ಬರುವ ಶಿಕ್ಷಕರಿಗೆ ಮಾತ್ರ ತಿಳಿಸಲು ಕೋರುತ್ತೇನೆ. ಈ ಅನುಮತಿ ಸದ್ಯಕ್ಕೆ ಒಂದು ತಿಂಗಳಿಗೆ ಸಾಕು. ಮುಂದಿನ ತಪಾಸಣೆಯ ನಂತರ ವೈದ್ಯರು ಹೇಳಿದ್ದನ್ನು ತಮಗೆ ತಿಳಿಸುತ್ತೇನೆ. ತಪ್ಪಿದ ಪಾಠವನ್ನು ಮನೆಯಲ್ಲಿ ಬರೆಸುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ತಾಯಿಯ ಸಹಿ)

ಕೋರಿಕೆಗಳ ಹಿಂದಿನ ಕಾರಣ

ಮೊದಲನೆಯ ಕೋರಿಕೆಯಲ್ಲಿ ನಿರ್ದಿಷ್ಟ ವೇಳೆ ಇರುವುದನ್ನು ಗಮನಿಸಿ. ಊಟ ಹೊಟ್ಟೆಗೆ ಬಿದ್ದು ಜಠರ ಹಿಗ್ಗಿದಾಗ ದೊಡ್ಡ ಕರುಳಿನ ಚಲನೆ ತಾನಾಗಿಯೇ ಚುರುಕಾಗುತ್ತದೆ. ಊಟದ ನಂತರದ ಅರ್ಧ ಗಂಟೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಲಾಶಯದ ಅರಿವು ಮಂದವಾಗಿರುವ ಮಗು ‘ಅನ್ನಿಸಿದಾಗ’ ಹೋಗಲೆಂದು ಕಾದರೆ ಅದಕ್ಕೆ ಅನ್ನಿಸುವುದೇ ಇಲ್ಲ. ಆದ್ದರಿಂದ ಗಡಿಯಾರ ನೋಡಿ ಕಳುಹಿಸಬೇಕು. “ಕೇಳಿದಾಗ ಬಿಡಿ” ಎಂಬ ಒಂದು ಸಾಲಿನ ಪತ್ರ ಸೋಲುವುದು ಇಲ್ಲಿಯೇ.

ಎರಡನೆಯ ಕೋರಿಕೆ, ಒತ್ತಡ ಬಂದಾಗ ಕೂಡಲೇ ಬಿಡಬೇಕೆಂಬುದು. ಮೇಲೆ ಹೇಳಿದಂತೆ ಆ ಅನ್ನಿಸಿಕೆ ಕೆಲವೇ ನಿಮಿಷ ಇರುತ್ತದೆ. “ಈ ಲೆಕ್ಕ ಮುಗಿಸಿ ಹೋಗು” ಎಂದು ಶಿಕ್ಷಕಿ ಹೇಳಿದರೆ ಲೆಕ್ಕ ಮುಗಿಯುವ ಹೊತ್ತಿಗೆ ಹುಡುಗ “ಈಗ ಬೇಡ ಮಿಸ್” ಎನ್ನುತ್ತಾನೆ. ಶಿಕ್ಷಕಿಗೆ ಅವನು ನೆಪ ಹೇಳಿದನೆಂದೇ ಅನ್ನಿಸುತ್ತದೆ. ನಿಜವಾಗಿ ಆ ಅವಕಾಶ ಆಗಲೇ ಕೈತಪ್ಪಿರುತ್ತದೆ. ಎರಡು ಬೆರಳಿನ ಬದಲು ಚೀಟಿ ಇಟ್ಟದ್ದು ಹಿಂದಿನ ಬೆಂಚಿನ ನಗುವನ್ನು ತಪ್ಪಿಸಲು. ಇನ್ನು ಮೂತ್ರದ ಮಾತು ಬಂದದ್ದೇಕೆ? ತುಂಬಿದ ಮಲಾಶಯ ತನ್ನ ಮುಂದಿರುವ ಮೂತ್ರಕೋಶವನ್ನು ಒತ್ತುತ್ತದೆ. ಮಲಬದ್ಧತೆಯ ಮಕ್ಕಳಲ್ಲಿ ಪದೇ ಪದೇ ‘ಒಂದಕ್ಕೆ’ ಹೋಗುವುದು, ಚಡ್ಡಿ ಒದ್ದೆಯಾಗುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಹೀಗೆ ಪದೇ ಪದೇ ಹೊರಗೆ ಹೋಗುವ ಭಯದಿಂದ ಮಗು ನೀರು ಕುಡಿಯುವುದನ್ನೇ ಬಿಟ್ಟರೆ ಮಲ ಗಟ್ಟಿಯಾಗಲು ಅದೂ ಒಂದು ಕಾರಣವಾಗುತ್ತದೆ.

ಮೂರನೆಯ ಕೋರಿಕೆ ಸಣ್ಣದಾಗಿ ಕಂಡರೂ ಅದಿಲ್ಲದೆ ಉಳಿದವು ವ್ಯರ್ಥ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯ ಇರಬೇಕು. ಆದರೆ ಅದಕ್ಕೆ ಬೀಗ ಹಾಕಿದ್ದರೆ, ಒಳಗೆ ನೀರಿಲ್ಲದಿದ್ದರೆ, ಚಿಲಕ ಕೂರದಿದ್ದರೆ ಮಗು ಹೋಗಿ ಹಾಗೆಯೇ ಹಿಂತಿರುಗುತ್ತದೆ. ಪತ್ರ ಕೊಡುವ ದಿನ ಮನೆಯವರು ಒಮ್ಮೆ ಶೌಚಾಲಯವನ್ನು ನೋಡಿ ಬರುವುದು ಒಳ್ಳೆಯದು. ನೆಲಮಟ್ಟದ ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂತಾಗ ಮಲಾಶಯದ ದಾರಿ ಹೆಚ್ಚು ನೇರವಾಗುತ್ತದೆ, ಇದು ಅನುಕೂಲವೇ. ಕಮೋಡ್ ಇದ್ದು ಮಗುವಿನ ಕಾಲು ನೇತಾಡುತ್ತಿದ್ದರೆ ಪಾದದಡಿಗೆ ಒಂದು ಗಟ್ಟಿ ಮಣೆ ಬೇಕು.

ನಾಲ್ಕನೆಯದು ಬಟ್ಟೆಯ ಮಾತು. ಔಷಧದ ಪ್ರಮಾಣ ಹೊಂದಿಕೊಳ್ಳುವವರೆಗೆ ಮಲ ತೀರ ತೆಳುವಾಗಿ ಅಚಾತುರ್ಯವಾಗುವುದುಂಟು. ಅದು ಮಗುವಿನ ತಪ್ಪಲ್ಲವಾದ್ದರಿಂದ ಬೈಗುಳ ಸಲ್ಲದು. ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡಬಾರದೆಂದು ಅದೇ ಕಾಯ್ದೆಯ 17ನೇ ಪ್ರಕರಣ ಹೇಳುತ್ತದೆ. ಪತ್ರದಲ್ಲಿ ಕಾಯ್ದೆಯ ಹೆಸರೆತ್ತುವ ಅಗತ್ಯವಿಲ್ಲ. ಕಾರಣ ತಿಳಿದರೆ ಬಹುಮಂದಿ ಶಿಕ್ಷಕರು ಒಪ್ಪುತ್ತಾರೆ.

ಒಬ್ಬನಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂಬ ಚಿಂತೆ ಶಿಕ್ಷಕರಿಗೆ ಇರುವುದು ಸಹಜ. ವೈದ್ಯರ ಚೀಟಿಯ ನಕಲು, 10 ನಿಮಿಷದ ಮಿತಿ ಮತ್ತು ಒಂದು ತಿಂಗಳ ಅವಧಿ, ಇವು ಮೂರೂ ಪತ್ರದಲ್ಲಿ ಇರುವುದು ಆ ಚಿಂತೆಗೆ ಉತ್ತರವಾಗಿ.

ಪತ್ರ ಕೊಟ್ಟ ಮೇಲೆ

ಏರ್ಪಾಡು ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ? ಮನೆಯಲ್ಲಿ ಒಂದು ಪುಸ್ತಕದಲ್ಲಿ ದಿನವೂ ಮೂರು ವಿಷಯ ಬರೆದಿಡಬೇಕು: ಔಷಧ ಕುಡಿದನೇ, ಮಧ್ಯಾಹ್ನ ಹೋಗಿ ಕುಳಿತನೇ, ಮಲ ಹೇಗಿತ್ತು. ಮಲದ ರೂಪವನ್ನು ಏಳು ಬಗೆಯಾಗಿ ವಿಂಗಡಿಸಿದ ಬ್ರಿಸ್ಟಲ್ ಪಟ್ಟಿ 1997ರಲ್ಲಿ ಪ್ರಕಟವಾಯಿತು, ವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ. ಅದರಲ್ಲಿ ಮೊದಲನೆಯ ಬಗೆ ಆಡಿನ ಹಿಕ್ಕೆಯಂತೆ ಬಿಡಿಬಿಡಿಯಾದ ಗಟ್ಟಿ ಗುಂಡುಗಳು, ನಾಲ್ಕನೆಯದು ಬಾಳೆಹಣ್ಣಿನಂತೆ ನಯವಾಗಿ ಉದ್ದವಾದದ್ದು, ಏಳನೆಯದು ಪೂರ್ತಿ ನೀರು. ನಮ್ಮ ಹುಡುಗನಿಗೆ ನಾಲ್ಕನೆಯ ಬಗೆ ದಿನವೂ ಅಥವಾ ದಿನ ಬಿಟ್ಟು ದಿನ ಆಗುತ್ತಿದ್ದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಮತ್ತೆ ಹಿಕ್ಕೆ ಕಾಣಿಸಿಕೊಂಡರೆ, ಮೂರು ದಿನ ಏನೂ ಆಗದಿದ್ದರೆ, ಎಲ್ಲಿಯೋ ತಡೆದುಕೊಳ್ಳುತ್ತಿದ್ದಾನೆ ಎಂದು ತಿಳಿದು ವಿಚಾರಿಸಬೇಕು.

ತಡೆದುಕೊಳ್ಳುವ ಮಗುವನ್ನು ಶಿಕ್ಷಕಿಯೂ ಗುರುತಿಸಬಹುದು. ಅದು ತುದಿಗಾಲ ಮೇಲೆ ನಿಲ್ಲುತ್ತದೆ, ಕಾಲಿಗೆ ಕಾಲು ಹೆಣೆಯುತ್ತದೆ, ಮೈ ಬಿಗಿ ಹಿಡಿದು ಮೂಲೆಗೆ ಸರಿಯುತ್ತದೆ, ಮುಖ ಕೆಂಪಾಗುತ್ತದೆ. ನೋಡುವವರಿಗೆ ಅದು ಮುಕ್ಕುತ್ತಿರುವಂತೆ ಕಾಣುತ್ತದೆ, ನಿಜವಾಗಿ ಅದು ಬಿಗಿಹಿಡಿಯುತ್ತಿರುತ್ತದೆ. ಆಗ ಕಣ್ಸನ್ನೆಯಿಂದ ಹೋಗೆಂದು ತಿಳಿಸಿದರೆ ಸಾಕು. ಹಿಂತಿರುಗಿದಾಗ ಎಲ್ಲರ ಮುಂದೆ “ಆಯ್ತೇನೋ?” ಎಂದು ಕೇಳಿದರೆ ಮಾರನೆಯ ದಿನದಿಂದ ಹಸಿರು ಚೀಟಿ ಚೀಲದಿಂದ ಹೊರಗೆ ಬರುವುದಿಲ್ಲ.

ಶಾಲೆಯ ಏರ್ಪಾಡಿನಿಂದ ಎಲ್ಲ ಮಲಬದ್ಧತೆಯೂ ವಾಸಿಯಾಗುತ್ತದೆ ಎಂದು ತಿಳಿಯಬಾರದು. ಹುಟ್ಟಿದ ಮೊದಲ ವಾರಗಳಿಂದಲೇ ಇರುವ ಮಲಬದ್ಧತೆ, ಹೊಟ್ಟೆ ಉಬ್ಬರದೊಂದಿಗೆ ಹಸಿರು ವಾಂತಿ, ತೂಕ ಹೆಚ್ಚದಿರುವುದು, ಕಾಲಿನಲ್ಲಿ ಬಲ ಕುಂದುವುದು, ಇಂಥವು ಕಂಡರೆ ಬೇರೆ ರೋಗವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ವೈದ್ಯರನ್ನು ಕೇಳದೆ ಮನೆಯಲ್ಲಿ ಮೇಲಿಂದ ಮೇಲೆ ಹರಳೆಣ್ಣೆ ಕುಡಿಸುವುದೂ ಸರಿಯಲ್ಲ.

ಇನ್ನೊಂದು ಎಚ್ಚರಿಕೆ. ಎರಡು ವಾರ ಚೆನ್ನಾಗಿ ಆದೊಡನೆ ಮನೆಯವರು ಔಷಧ ನಿಲ್ಲಿಸುತ್ತಾರೆ, ಶಾಲೆಯವರು “ಈಗ ಸರಿಯಾಗಿದೆಯಲ್ಲ” ಎಂದು ಮಧ್ಯಾಹ್ನದ ಸರದಿ ಬಿಡಿಸುತ್ತಾರೆ. ಮಲಾಶಯ ಇನ್ನೂ ಸಡಿಲವಾಗಿಯೇ ಇರುವುದರಿಂದ ತಿಂಗಳೊಳಗೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ. ಆದ್ದರಿಂದ ತಿಂಗಳು ಮುಗಿದಾಗ ಎರಡನೆಯ ಪತ್ರವೊಂದು ಹೋಗಬೇಕು. ಅದರಲ್ಲಿ ಮೂರು ಸಾಲು ಸಾಕು: ವೈದ್ಯರು ನೋಡಿದರು, ಮಗನಿಗೆ ಗುಣ ಕಾಣುತ್ತಿದೆ, ಏರ್ಪಾಡನ್ನು ಇನ್ನು ಇಷ್ಟು ತಿಂಗಳು ಮುಂದುವರಿಸಬೇಕು. ಔಷಧ ಪೂರ್ತಿ ನಿಂತು, ಒತ್ತಡ ಬಂದಾಗ ಹುಡುಗ ತಾನಾಗಿಯೇ ಎದ್ದು ಹೋಗುವಂತಾದಾಗ ಮೂರನೆಯ ಪತ್ರ ಬರೆಯಬಹುದು. ಅನುಮತಿ ಇನ್ನು ಬೇಡವೆಂದು ತಿಳಿಸಿ ಶಿಕ್ಷಕಿಗೆ ಕೃತಜ್ಞತೆ ಹೇಳುವ ಆ ಪತ್ರವನ್ನು ಹುಡುಗನ ಕೈಯಲ್ಲಿಯೇ ಬರೆಸಿದರೆ ಅವನಿಗೆ ಪತ್ರಲೇಖನದ ಪಾಠವೂ ಆಗುತ್ತದೆ.